ಅಂಗಡಿಗೆ ಹೆಲ್ಪರ್ ಬೇಕು ಅಂತ ವಾಟ್ಸಾಪಲ್ಲಿ ಮೆಸೇಜ್ ಬಿಟ್ಟಿದ್ದು

ನಮ್ದು ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದ್ರೆ ಸುಟ್ಟ ಮೋಟಾರಿಗೆ ಹೊಸ ವೈರ್ ಸುತ್ತಿಕೊಡೋದು, ಚಿತ್ರದುರ್ಗ ಜಿಲ್ಲೇಲಿ ಒಂದು ತಾಲ್ಲೂಕು ಊರಲ್ಲಿ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರೇ ಜಾಸ್ತಿ ಬರೋದು, ಶಿವರಾತ್ರಿ ಕಳೀತಿದ್ದಂಗೆ ಬಾಗಿಲ ಮುಂದೆ ಸಾಲು ಶುರುವಾಗುತ್ತೆ, ನೀರು ಕೆಳಗೆ ಹೋಗಿರುತ್ತೆ, ವೋಲ್ಟೇಜ್ ಇರಲ್ಲ, ಒಂದು ಫೇಸ್ ಹೋಗಿದ್ರೂ ಗೊತ್ತಾಗದೆ ಮೋಟಾರ್ ಗುಂಯ್ ಅಂತ ನಿಂತು ಸುಟ್ಟು ಹೋಗುತ್ತೆ. ಅಂಥಾ ಟೈಮಲ್ಲಿ ನಮ್ಮ ಹೆಲ್ಪರ್ ಹುಡುಗ, ಆರು ವರ್ಷ ಜೊತೇಲಿದ್ದವನು, ತನ್ನ ಊರಲ್ಲೇ ಸ್ವಂತ ಅಂಗಡಿ ಇಟ್ಕೋತೀನಿ ಅಣ್ಣಾ ಅಂದ. ಬೇಡ ಅನ್ನೋಕಾಗುತ್ತಾ, ಕಲ್ಸಿದ್ದೇ ನಾನು. ಒಳ್ಳೇದಾಗ್ಲಿ ಅಂತ ಒಂದು ಹಳೇ ವೈಂಡಿಂಗ್ ಮಿಷನ್ ಕೊಟ್ಟು ಕಳಿಸ್ದೆ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡ್ತೀನಿ, ಇಲ್ಲಾಂದ್ರೆ ಹೆಲ್ಪರ್ ಇಲ್ದೆ ಯಾಕಿಷ್ಟು ಒದ್ದಾಟ ಅನ್ಸುತ್ತೆ. ಮೇಲಿರೋ ಮೋನೋಬ್ಲಾಕ್ ಮೋಟಾರ್ ಆದ್ರೆ ಕಾಯಿಲ್‌ನ ಮಿಷನ್ ಮೇಲೆ ಸುತ್ಕೊಂಡು, ಸ್ಲಾಟ್ ಅನ್ನೋ ಒಳಗಿನ ಸಂದಿಗೆ ಕೂರಿಸಬಹುದು, ಒಬ್ಬನೇ ಮಾಡಬಹುದು. ಆದ್ರೆ ಒಳಗೆ ನೀರು ತುಂಬಿಸೋ ಸಬ್‌ಮರ್ಸಿಬಲ್ ಮೋಟಾರು ಉದ್ದ ಪೈಪ್ ತರ ಇರುತ್ತೆ, ಅದರೊಳಗೆ ಪ್ಲಾಸ್ಟಿಕ್ ಹೊದಿಕೆ ಇರೋ ವೈರ್‌ನ ಒಂದೊಂದೇ ಸುತ್ತು ಕೈಯಲ್ಲೇ ತೂರಿಸಿ ಎಳೀಬೇಕು. ಈ ತುದೀಲಿ ನಾನು ತೂರಿಸ್ತೀನಿ, ಆ ತುದೀಲಿ ಇನ್ನೊಬ್ಬ ಹಿಡ್ಕೊಂಡು ಎಳೆದು ಇನ್ನೊಂದು ಸ್ಲಾಟಿಂದ ವಾಪಸ್ ನನ್ನ ಕಡೆ ಕಳಿಸ್ತಾನೆ. ಜೋರಾಗಿ ಎಳೆದ್ರೆ ಸ್ಲಾಟಿನ ಅಂಚಿಗೆ ಉಜ್ಜಿ ಹೊದಿಕೆ ಗೀರು ಬೀಳುತ್ತೆ, ಆ ಗೀರು ಕಣ್ಣಿಗೆ ಕಾಣಲ್ಲ, ಮೋಟಾರ್ ಬೋರೊಳಗೆ ಇಳಿದು ನೀರು ಮುಟ್ಟಿದ ಮೇಲೆ ಗೊತ್ತಾಗುತ್ತೆ. ಸಡಿಲ ಬಿಟ್ರೆ ಸುತ್ತು ಎದ್ದು ನಿಂತು ಜಾಗ ಸಾಲಲ್ಲ. ಹಾಗಾಗಿ ಆ ಕಡೆ ಕೂತವನು ಬರೀ ಕೈ ಕೊಡೋನಲ್ಲ, ಅರ್ಧ ಕೆಲಸ ಅವಂದೇ.

ಹುಡುಕೋದು ಹೆಂಗೆ? ಮುಂಚೆ ಆದ್ರೆ ಟೀ ಅಂಗಡೀಲಿ ಒಂದು ಮಾತು ಬಿಟ್ರೆ ಸಂಜೆಗೆ ಯಾರಾದ್ರೂ ಬರ್ತಿದ್ರು. ಈಗ ಎಲ್ರೂ ವಾಟ್ಸಾಪಲ್ಲಿ ಹಾಕಿ ಅಂತಾರೆ. ನನ್ನ ಫೋನಲ್ಲೇ ಅಂಥ ಮೆಸೇಜ್ ಬೇಕಾದಷ್ಟು ಬಿದ್ದಿದ್ವು, ಬರೆಯೋಕೆ ಮುಂಚೆ ಅವನ್ನೆಲ್ಲ ತೆಗೆದು ಓದ್ದೆ. ಹೆಚ್ಚುಕಮ್ಮಿ ಎಲ್ಲಾ ಹೀಗೇ ಇರ್ತವೆ:

"ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ. ಆಕರ್ಷಕ ವೇತನ. ಆಸಕ್ತರು ಕೂಡಲೇ ಸಂಪರ್ಕಿಸಿ. ಎಲ್ಲಾ ಗ್ರೂಪ್‌ಗಳಿಗೂ ಶೇರ್ ಮಾಡಿ."

ಯಾವ ಊರು, ಏನು ಕೆಲಸ, ಎಷ್ಟು ಸಂಬಳ, ಯಾವತ್ತಿನ ಮೆಸೇಜು, ಏನೂ ಇಲ್ಲ. ನಂಬರ್ ಮಾತ್ರ ಇದೆ. ಕುತೂಹಲಕ್ಕೆ ಒಂದಕ್ಕೆ ಫೋನ್ ಹಚ್ಚಿದೆ. ಆ ಕಡೆ ಇದ್ದೋರು ಯಾವುದೋ ಹಾರ್ಡ್‌ವೇರ್ ಅಂಗಡಿಯೋರು, "ಅಣ್ಣಾ ಅದು ಹೋದ ವರ್ಷದ್ದು, ಇನ್ನೂ ಫೋನ್ ಬರ್ತಾನೇ ಇದಾವೆ, ನಂಬರ್ ಬದಲಾಯಿಸೋಣ ಅನ್ಕೊಂಡಿದೀನಿ" ಅಂದ್ರು. ಅಲ್ಲಿಗೆ ನಂಗೆ ಒಂದು ವಿಷಯ ಪಕ್ಕಾ ಆಯ್ತು. ನಾವು ಕಳಿಸಿದ ಮೆಸೇಜು ಫಾರ್ವರ್ಡ್ ಆದ ತಕ್ಷಣ ನಮ್ಮ ಕೈ ಬಿಟ್ಟು ಹೋಗುತ್ತೆ. ನಾವು ಕಳಿಸಿದ್ದನ್ನ 15 ನಿಮಿಷದೊಳಗೆ ಎಡಿಟ್ ಮಾಡಬಹುದು ನಿಜ, ಆದ್ರೆ ಅಷ್ಟರಲ್ಲಿ ಯಾರೋ ಮುಂದಕ್ಕೆ ಕಳಿಸಿದ್ರೆ ಆ ಕಾಪಿ ಹಳೇದಾಗೇ ಉಳಿಯುತ್ತೆ. ಫಾರ್ವರ್ಡ್ ಆಗಿ ಬಂದದ್ದರ ಮೇಲೆ ಫಾರ್ವರ್ಡ್ ಅಂತ ಬರುತ್ತೇ ಹೊರತು ಮೊದಲು ಬರೆದವರು ಯಾರು ಅಂತ ಬರಲ್ಲ. ಅಂದ್ರೆ ನಾನು ಯಾರು, ಅಂಗಡಿ ಎಲ್ಲಿ, ಯಾವ ತಾರೀಕಿನ ತನಕ ಲೆಕ್ಕ, ಇದೆಲ್ಲ ಆ ನಾಕು ಸಾಲಿನೊಳಗೇ ಇರಬೇಕು, ಅದನ್ನ ಓದೋ ಮನುಷ್ಯನಿಗೆ ನಾನು ಪಕ್ಕದಲ್ಲಿ ನಿಂತು ವಿವರಿಸೋಕೆ ಆಗಲ್ಲ.

ರಾತ್ರಿ ಊಟ ಆದ್ಮೇಲೆ ಕೂತು ಬರೆದೆ, ನಮ್ಮನೆಯವಳು ಪಕ್ಕದಲ್ಲಿ ಕೂತು ತಿದ್ದಿದ್ಲು. ಅಂಗಡಿ ಲೆಕ್ಕ ನೋಡೋದು ಅವಳೇ, ಅದಕ್ಕೆ ಮೊದಲ ಜಗಳ ಸಂಬಳದ ಮೇಲೇ ಆಯ್ತು. ಸಂಬಳ ಬರೀಬಾರ್ದು, ಬಂದ ಮೇಲೆ ಆಳು ನೋಡಿ ಮಾತಾಡೋಣ ಅನ್ನೋದು ನಮ್ಮ ಕಡೆ ಅಂಗಡಿಯೋರೆಲ್ಲರ ರೂಢಿ, ನನ್ನ ಮನಸ್ಸಲ್ಲೂ ಅದೇ ಇತ್ತು. ಅವಳು ಕೇಳಿದ್ಲು, "ಅಲ್ಲ ರೀ, ನಲವತ್ತು ಜನ ಫೋನ್ ಮಾಡಿ ಮೊದಲು ಕೇಳೋದೇ ಅದನ್ನ, ನಲವತ್ತು ಸಲ ಬಾಯಲ್ಲಿ ಹೇಳೋ ಬದಲು ಒಂದು ಸಲ ಬರೆದ್ರೆ ಏನು?" ನಾನಂದೆ, ಬೇರೆ ಅಂಗಡಿಯೋರು ನೋಡ್ತಾರೆ, ಅವರ ಹುಡುಗ್ರು ಜಾಸ್ತಿ ಕೇಳ್ತಾರೆ, ನಂಗೆ ಬೈತಾರೆ. ಅವಳು ಬೈದ್ರೆ ಬೈಲಿ ಅಂದ್ಲು. ಕೊನೆಗೆ ಬರೆದ್ವಿ, ಪಕ್ಕಾ ಅಂಕಿ, ಇಷ್ಟರಿಂದ ಇಷ್ಟು ಅಂತ ಅಲ್ಲ. 14ರಿಂದ 20 ಸಾವಿರ ಅಂತ ಬರೆದ್ರೆ ಓದೋನು 20 ಅಂತ ಇಟ್ಕೊಂಡು ಬರ್ತಾನೆ, ಕೊಡೋನು 14 ಅಂತ ಇಟ್ಕೊಂಡಿರ್ತಾನೆ, ಬಾಗಿಲಲ್ಲೇ ಮನಸ್ತಾಪ. ಮೊದಲ ಮೂರು ತಿಂಗಳು ಇಷ್ಟು, ಆಮೇಲೆ ಇಷ್ಟು ಅಂತ ಎರಡು ಅಂಕಿ ಸ್ಪಷ್ಟವಾಗಿ ಹಾಕಿದ್ವಿ. ಹೇಳಬೇಕಂದ್ರೆ ಬೈದೋರೂ ಇದ್ರು, ಒಬ್ಬರು ಅಂಗಡಿ ತನಕ ಬಂದು "ಏನ್ ಸ್ವಾಮಿ ರೇಟ್ ಏರಿಸ್ಬಿಟ್ರಿ" ಅಂದ್ರು, ಟೀ ಕುಡಿಸಿ ಕಳಿಸಿದೆ.

ಎರಡನೇದು ಕೆಲಸದ ಸಾಲು. ಬರೀ ಹೆಲ್ಪರ್ ಅಂದ್ರೆ ಒಬ್ಬೊಬ್ಬರ ತಲೇಲಿ ಒಂದೊಂದು ಇರುತ್ತೆ, ಕೆಲವರು ಕೌಂಟರಲ್ಲಿ ಕೂತು ಬಿಲ್ ಬರೆಯೋದು ಅನ್ಕೋತಾರೆ, ಕೆಲವರು ಡಿಗ್ರಿ ಮುಗಿಸಿ ಟೆಕ್ನಿಕಲ್ ಕೆಲಸ ಅಂತ ಬರ್ತಾರೆ. ನಮ್ಮಲ್ಲಿ ಪಂಪಿನ ಬೌಲು ಬಿಚ್ಚಿದ್ರೆ ಒಳಗಿಂದ ಕೆಂಪು ಕೆಸರು ಮರಳು ಬರುತ್ತೆ, ಸುಟ್ಟ ವೈಂಡಿಂಗಿನ ವಾಸನೆ ಬಟ್ಟೆಗೆ ಹತ್ತಿ ಹೋಗಲ್ಲ, ಗಾಡಿಯಿಂದ ಮೋಟಾರ್ ಇಳಿಸೋಕೆ ಇಬ್ರು ಬೇಕು. ಅದನ್ನೇ ಬರೆದೆ, ಭಾರ ಎತ್ತಬೇಕು, ಕೈ ಕೊಳೆ ಆಗುತ್ತೆ ಅಂತ. ಹೀಗೆ ಬರೆದ್ರೆ ಯಾರು ಬರ್ತಾರೆ ಅಂತ ನನ್ನ ತಮ್ಮ ನಕ್ಕ. ಬರೋನು ಬರ್ಲಿ, ಬರದೇ ಇರೋನು ಮೆಸೇಜ್ ಓದೇ ನಿಲ್ಲಲಿ, ಎರಡು ದಿನ ಕೆಲಸ ಮಾಡಿ ಸೀಸನ್ ಮಧ್ಯೆ ಕೈ ಕೊಡೋದಕ್ಕಿಂತ ಅದು ವಾಸಿ.

ವಯಸ್ಸಿನ ಸಾಲು ನಾನು ಯಾವತ್ತೂ ಬಿಡಲ್ಲ. ಪರೀಕ್ಷೆ ಮುಗೀತಿದ್ದಂಗೆ ಅಪ್ಪಂದಿರು ಹುಡುಗನ್ನ ಕರ್ಕೊಂಡು ಬಂದು "ಸುಮ್ನೆ ಊರು ಸುತ್ತೋ ಬದಲು ನಿಮ್ಮತ್ರ ಇರ್ಲಿ" ಅಂತಾರೆ, ಹತ್ತನೇ ಕ್ಲಾಸ್ ಹುಡುಗ. 14 ತುಂಬದ ಮಕ್ಕಳನ್ನ ಕೆಲಸಕ್ಕೆ ಇಟ್ಕೊಳ್ಳೋದೇ ಅಪರಾಧ, 14ರಿಂದ 18ರವರನ್ನ ಅಪಾಯದ ಕೆಲಸಗಳಿಗೆ ಹಾಕೋ ಹಾಗಿಲ್ಲ, ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆದ್ಮೇಲೆ ಜೈಲು ಶಿಕ್ಷೆ 6 ತಿಂಗಳಿಂದ 2 ವರ್ಷದ ತನಕ ಇದೆ, ದಂಡ 20 ಸಾವಿರದಿಂದ 50 ಸಾವಿರ. ಕಾನೂನು ಪಕ್ಕಕ್ಕಿಡಿ, ತ್ರೀ ಫೇಸ್ ಟೆಸ್ಟಿಂಗ್ ಪ್ಯಾನೆಲ್ ಇರೋ ಜಾಗ ಅದು, ನನ್ನ ಮಗನಿಗೆ ಬೇಡ ಅಂದದ್ದು ಇನ್ನೊಬ್ಬರ ಮಗನಿಗೆ ಯಾಕೆ.

ಇನ್ನು ಚಿಕ್ಕಪುಟ್ಟವು. ನಂಬರ್ ಟೈಪ್ ಮಾಡಿದ ಟೆಕ್ಸ್ಟಾಗೇ ಇರಬೇಕು. ಚಂದದ ಬಣ್ಣದ ಪೋಸ್ಟರ್ ಮಾಡಿ ಫೋಟೋ ಕಳಿಸು ಅಂತ ತಮ್ಮ ಹೇಳ್ದ, ಫೋಟೋದೊಳಗಿನ ನಂಬರ್ ಸಾಮಾನ್ಯವಾಗಿ ಮುಟ್ಟಿದ ಕೂಡ್ಲೆ ಡಯಲ್ ಆಗಲ್ಲ, ಬರೆದಿಟ್ಕೊಂಡು ಹೊಡೀಬೇಕು, ಡೇಟಾ ಕಮ್ಮಿ ಇರೋರು ಫೋಟೋ ಡೌನ್‌ಲೋಡೇ ಮಾಡಲ್ಲ. ಟೆಕ್ಸ್ಟ್ ಆದ್ರೆ ಮುಟ್ಟಿದ್ರೆ ಫೋನ್ ಹೋಗುತ್ತೆ, ಮುಂದೆ ಹುಡುಕಿದ್ರೂ ಸಿಗುತ್ತೆ. ಇನ್ನೊಂದು, ಉದ್ದ ಬರೆದ್ರೆ ವಾಟ್ಸಾಪ್ ಅರ್ಧಕ್ಕೆ ಮಡಿಚಿ ಪೂರ್ತಿ ಓದೋಕೆ ಮುಟ್ಟಿ ಅಂತ ತೋರಿಸುತ್ತೆ, ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹೂವಿನ ಮಧ್ಯೆ ಅದನ್ನ ಯಾರೂ ಮುಟ್ಟಲ್ಲ. ಅದಕ್ಕೆ ಊರು ಮತ್ತೆ ಸಂಬಳ ಮೊದಲ ಮೂರು ಸಾಲಲ್ಲೇ. ಮುಖ್ಯವಾದದ್ದು ದಪ್ಪಕ್ಷರ ಆಗಬೇಕಂದ್ರೆ ಹಿಂದೆ ಮುಂದೆ ಒಂದೊಂದು ನಕ್ಷತ್ರ ಚಿಹ್ನೆ ಹಾಕಿದ್ರೆ ಸಾಕು, ಫಾರ್ವರ್ಡ್ ಆದ್ರೂ ಅದು ಹಾಗೇ ಉಳಿಯುತ್ತೆ. ಎರಡು ಕಡೆ ಮಾತ್ರ ಹಾಕಿದೆ, ಎಲ್ಲಾ ದಪ್ಪ ಮಾಡಿದ್ರೆ ಯಾವುದೂ ಕಣ್ಣಿಗೆ ಬೀಳಲ್ಲ.

ಕೊನೆಗೆ ನಿಂತದ್ದು ಇದು, ಊರು ನಂಬರ್ ಇಲ್ಲಿ ತೆಗೆದಿದೀನಿ:

```
*ಹೆಲ್ಪರ್ ಬೇಕು - ಮೋಟಾರ್ ರಿವೈಂಡಿಂಗ್ ಅಂಗಡಿ*
(ಊರು, ಜಿಲ್ಲೆ) ಸಂತೆ ಮೈದಾನದ ಎದುರು, ಬಸ್ ಸ್ಟ್ಯಾಂಡ್ ಹತ್ತಿರ
*ಸಂಬಳ ತಿಂಗಳಿಗೆ 16,500*, 3 ತಿಂಗಳ ನಂತರ 18,000
ಬೆಳಿಗ್ಗೆ 9 - ಸಂಜೆ 6. ಭಾನುವಾರ ರಜೆ. ಮಧ್ಯಾಹ್ನ ಊಟ ಇದೆ, ರೂಮ್ ಇಲ್ಲ
ಕೆಲಸ: ಪಂಪ್ ಬಿಚ್ಚಿ ತೊಳೆಯೋದು, ಸುಟ್ಟ ವೈರ್ ತೆಗೆಯೋದು,
ವೈರ್ ಎಳೆಯೋದು. ಭಾರ ಎತ್ತಬೇಕು, ಕೈ ಕೊಳೆ ಆಗುತ್ತೆ
ಅನುಭವ ಬೇಡ, ಕಲಿಸ್ತೀವಿ. ಕನ್ನಡ ಓದಿ ಬರೆಯೋಕೆ ಬರಬೇಕು
18 ವರ್ಷ ತುಂಬಿರಬೇಕು
ಫೀಸ್, ಡೆಪಾಸಿಟ್ ಏನೂ ಇಲ್ಲ. ದಾಖಲೆ ವಾಟ್ಸಾಪಲ್ಲಿ ಕಳಿಸಬೇಡಿ
ಫೋನ್: (ನಂಬರ್) ಸಂಜೆ 6ರಿಂದ 8 ಮಾತ್ರ
ಮಾರ್ಚ್ 10ರ ತನಕ ಮಾತ್ರ, ಆಮೇಲೆ ಫಾರ್ವರ್ಡ್ ಮಾಡಬೇಡಿ
```

ಸಂಜೆ 6ಕ್ಕೆ ಬಿಡ್ತೀವಿ ಅಂತ ಬರೆದದ್ದಕ್ಕೆ ಕಾರಣ ಹಳ್ಳಿ ಕಡೆ ಹೋಗೋ ಬಸ್ಸು, ಆರೂವರೆ ಬಸ್ ತಪ್ಪಿದ್ರೆ ಹುಡುಗ ಮನೆಗೆ ಹೋಗೋದು ಹೆಂಗೆ, ನಾಕು ಸಲ ಹಾಗಾದ್ರೆ ಐದನೇ ಸಲ ಕೆಲಸಕ್ಕೇ ಬರಲ್ಲ. ಓದಿ ಬರೆಯೋಕೆ ಬರಬೇಕು ಅನ್ನೋದು ಯಾಕಂದ್ರೆ ಬಿಚ್ಚಿದ ಮೋಟಾರಿಗೆಲ್ಲ ಒಂದು ಚೀಟಿ ಕಟ್ಟಬೇಕು, ಯಾರ್ದು, ಯಾವ ಊರು, ಎಷ್ಟು ಎಚ್‌ಪಿ, ಒಂದು ಸ್ಲಾಟಿಗೆ ಎಷ್ಟು ಸುತ್ತು. ಚೀಟಿ ಅದಲು ಬದಲು ಆದ್ರೆ ಒಬ್ಬರ 5 ಎಚ್‌ಪಿ ಮೋಟಾರಿಗೆ ಇನ್ನೊಬ್ಬರ ಲೆಕ್ಕದ ವೈರ್ ಹೋಗಿ ಕೂತಿರುತ್ತೆ. ಇನ್ನು ಫೀಸ್ ಇಲ್ಲ ಅನ್ನೋ ಸಾಲು ನಮ್ಮನೆಯವಳು ಹಾಕಿಸಿದ್ದು. ಕೆಲಸ ಕೊಡಿಸ್ತೀವಿ ಅಂತ ನೋಂದಣಿ ಫೀಸು ಕೇಳಿ, ಆಧಾರ್ ಫೋಟೋ ತಗೊಂಡು ಮಾಯ ಆಗೋರು ಇದ್ದಾರಲ್ಲ, ಅವರ ಮೆಸೇಜಿಗೂ ನಮ್ಮದಕ್ಕೂ ವ್ಯತ್ಯಾಸ ಕಾಣಬೇಕು ಅಂತ.

ಕಳಿಸೋ ವಿಷಯಕ್ಕೆ ಬರ್ತೀನಿ. ವಾಟ್ಸಾಪಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಅಂತ ಇದೆ, ಒಂದು ಲಿಸ್ಟಿಗೆ 256 ಜನರ ತನಕ ಸೇರಿಸಬಹುದು, ಒಂದೇ ಸಲ ಕಳಿಸಿದ್ರೆ ಎಲ್ರಿಗೂ ಬೇರೆ ಬೇರೆಯಾಗಿ ಹೋಗುತ್ತೆ, ಉತ್ತರ ನಮಗೊಬ್ಬರಿಗೇ ಬರುತ್ತೆ. ಆದ್ರೆ ಒಂದು ಷರತ್ತು, ನಮ್ಮ ನಂಬರ್ ಅವರ ಫೋನಲ್ಲಿ ಸೇವ್ ಆಗಿರಬೇಕು, ಇಲ್ಲಾಂದ್ರೆ ಅವರಿಗೆ ತಲುಪೋದೇ ಇಲ್ಲ. ಬೇರೆ ಅಂಗಡಿಯೋರಿಗೆ ಇದು ತೊಡಕು, ನಮಗೆ ಇದೇ ಅನುಕೂಲ ಆಯ್ತು. ಬೋರ್ ಇರೋ ರೈತರ ಫೋನಲ್ಲಿ ಮೋಟಾರ್ ಅಂಗಡಿ ನಂಬರ್ ಇರದೇ ಇರಲ್ಲ, ಯಾವತ್ತು ಸುಡುತ್ತೋ ಗೊತ್ತಿಲ್ಲ. ಸುತ್ತಮುತ್ತ ಹಳ್ಳಿಯ ಗಿರಾಕಿಗಳ ಲಿಸ್ಟ್ ಮಾಡಿ ಅವರಿಗೇ ಕಳಿಸಿದೆ. ಅವರಿಗೆ ಕೆಲಸ ಬೇಡ, ಆದ್ರೆ ಅಕ್ಕನ ಮಗನೋ ಪಕ್ಕದ ಮನೆ ಹುಡುಗನೋ ಇರ್ತಾನೆ. ಊರಿನ ದೊಡ್ಡ ಜಾಹೀರಾತು ಗ್ರೂಪುಗಳಿಗೂ ಹಾಕಿದೆ, ಕೆಲವು ಗ್ರೂಪಲ್ಲಿ ಅಡ್ಮಿನ್ ಮಾತ್ರ ಹಾಕೋ ಹಾಗಿರುತ್ತೆ, ಅವರನ್ನ ಕೇಳಿ ಹಾಕಿಸಿದೆ. ಒಮ್ಮೆ ಫಾರ್ವರ್ಡ್ ಆಗಿ ಬಂದದ್ದನ್ನ ಜನ ಒಂದು ಸಲಕ್ಕೆ ಒಂದೇ ಗ್ರೂಪಿಗೆ ಕಳಿಸೋಕಾಗೋದು ಈಗ, ಹಾಗಾಗಿ ಮೊದಲ ಕೈಗಳು ಎಲ್ಲಿರ್ತವೆ ಅನ್ನೋದೇ ಮುಖ್ಯ.

ಮಾರನೇ ದಿನ ಬೆಳಿಗ್ಗೆ ಆರಕ್ಕೇ ಫೋನ್ ಶುರು. ಸಂಜೆ ಮಾತ್ರ ಅಂತ ಬರೆದಿದ್ರೂ ಬರುತ್ತೆ, ಅದು ತಪ್ಪಿದ್ದಲ್ಲ. ಆದ್ರೆ ಆ ಸಾಲಿಂದ ಒಂದು ಉಪಯೋಗ ಇತ್ತು, ಸಂಜೆ ಟೈಮಿಗೆ ಸರಿಯಾಗಿ ಮಾಡಿದೋರು ಮೆಸೇಜ್ ಪೂರ್ತಿ ಓದಿದೋರು ಅಂತ ಗೊತ್ತಾಗ್ತಿತ್ತು. ಬೆಳಗಿನ ಫೋನಿಗೆ ಸಂಜೆ ಮಾಡಪ್ಪಾ ಅಂತ ಇಟ್ಬಿಡ್ತಿದ್ದೆ, ಮತ್ತೆ ಮಾಡಿದೋನ ಜೊತೆ ಮಾತ್ರ ಮಾತು.

ಗ್ರೂಪಿಂದ ಬಂದ ಫೋನುಗಳೇ ಬೇರೆ, ಹಳ್ಳಿ ಗಿರಾಕಿಗಳ ಮೂಲಕ ಬಂದದ್ದೇ ಬೇರೆ. ಗ್ರೂಪಿನವು ರಾಯಚೂರು, ಕಲಬುರಗಿ ತನಕ ಹೋಗಿತ್ತು, ಅಲ್ಲಿಂದ ಫೋನ್ ಮಾಡಿದೋರು ಪಾಪ ರೂಮ್ ಕೊಡಲ್ವಾ ಸರ್ ಅಂತ ಕೇಳೋರು. 16,500ರಲ್ಲಿ ಬಾಡಿಗೆ ಕಟ್ಟಿ ಇಲ್ಲಿ ಬದುಕೋದು ಕಷ್ಟ ಅಂತ ನಾನೇ ಲೆಕ್ಕ ಹೇಳಿ ಬೇಡ ಅಂದೆ. ಒಬ್ಬ ಏಜೆಂಟ್ ಫೋನ್ ಮಾಡಿ ಹೊರ ರಾಜ್ಯದ ಹುಡುಗರಿದ್ದಾರೆ, ಎಷ್ಟು ಬೇಕು, ಒಬ್ಬರಿಗೆ ಇಷ್ಟು ಕಮಿಷನ್ ಅಂದ, ಜಲ್ಲಿ ಲೋಡ್ ಮಾರೋ ಹಾಗೆ. ಒಬ್ಬ ತಾಯಿ ಫೋನ್ ಮಾಡಿ ಮಗನ ವಿಷಯ ಎಲ್ಲಾ ಹೇಳಿದ್ರು, ಎಷ್ಟು ಓದಿದಾನೆ, ಯಾಕೆ ಬಿಟ್ಟ, ಈಗ ಏನು ಮಾಡ್ತಿದಾನೆ. ಅಮ್ಮಾ ಅವನೇ ಮಾತಾಡ್ಲಿ ಅಂದೆ. ಹಿಂದಿಂದ ಅವನ ದನಿ ಕೇಳಿಸ್ತು, "ನಂಗೆ ಬೇಡ ಅಂದ್ನಲ್ಲಾ" ಅಂತ. ಅಲ್ಲಿಗೆ ಮುಗೀತು.

ಫೋನಲ್ಲಿ ನಾನು ಕೇಳ್ತಿದ್ದದ್ದು ಮೂರೇ. ಯಾವ ಊರು, ಬಸ್ ಎಷ್ಟೊತ್ತಿಗೆ ಸಿಗುತ್ತೆ, ಈಗ ಏನು ಮಾಡ್ತಿದೀಯ. ಮೂರನೇದಕ್ಕೆ "ಸುಮ್ನೆ ಇದೀನಿ" ಅಂದ್ರೆ ತಪ್ಪಿಲ್ಲ, ಆದ್ರೆ "ಕಾಯಿ ಕೀಳೋಕೆ ಹೋಗ್ತೀನಿ, ಟೊಮ್ಯಾಟೊ ಲೋಡಿಗೆ ಹೋಗ್ತೀನಿ" ಅಂದವನಿಗೆ ಭಾರ ಎತ್ತೋದು ಗೊತ್ತಿರುತ್ತೆ. ಸರಿ ಅನ್ಸಿದ ಕೆಲವರಿಗೆ ಒಂದು ದಿನ ಬಂದು ಕೆಲಸ ನೋಡು, ಆ ದಿನದ ಕೂಲಿ ಕೊಡ್ತೀನಿ ಅಂದೆ. ಇದು ಕಡ್ಡಾಯ ಅಂತ ನನ್ನ ಅಭಿಪ್ರಾಯ, ಟ್ರಯಲ್ ಅಂತ ಬಿಟ್ಟಿ ದುಡಿಸ್ಕೊಂಡು ಆಮೇಲೆ ಹೇಳ್ತೀವಿ ಅಂತ ಕಳಿಸೋ ಅಂಗಡಿಗಳ ಹೆಸರು ಹಳ್ಳಿಗಳಲ್ಲಿ ಬೇಗ ಕೆಡುತ್ತೆ.

ಬಂದೋರಿಗೆಲ್ಲ ಒಂದೇ ಕೆಲಸ ಕೊಟ್ಟೆ, ಒಂದು ಸುಟ್ಟ ಮೋಟಾರ್ ಬಿಚ್ಚಿಡೋದು. ಹೆಂಗೆ ಬಿಚ್ಚೋದು ಅಂತ ಒಂದು ಸಲ ತೋರಿಸ್ತಿದ್ದೆ, ಆಮೇಲೆ ನನ್ನ ಪಾಡಿಗೆ ನಾನು. ಒಬ್ಬ ಬಲಶಾಲಿ, ಸ್ಪ್ಯಾನರ್ ಮೇಲೆ ಪೈಪ್ ಹಾಕಿ ತಿರುಗಿಸಿ ತುಕ್ಕು ಹಿಡಿದ ಬೋಲ್ಟಿನ ತಲೇನೇ ಮುರಿದು ಹಾಕ್ದ, ಬೋಲ್ಟ್ ಹೋದ್ರೆ ಹೋಗ್ಲಿ, ಮುರಿದದ್ದನ್ನ ಕಾಲಲ್ಲಿ ಬೆಂಚ್ ಕೆಳಗೆ ತಳ್ಳಿದ್ದು ನೋಡಿ ಬೇಡ ಅನ್ಸ್ತು. ಇನ್ನೊಬ್ಬ ಚೆನ್ನಾಗೇ ಮಾಡ್ತಿದ್ದ, ಹತ್ತು ನಿಮಿಷಕ್ಕೊಮ್ಮೆ ಫೋನು. ವೈರ್ ಎಳೆಯೋವಾಗ ಮಧ್ಯೆ ಕೈ ಬಿಟ್ರೆ ಎಷ್ಟನೇ ಸುತ್ತು ಅನ್ನೋ ಲೆಕ್ಕ ತಪ್ಪುತ್ತೆ, ಆಗಲ್ಲ. ಮೂರನೆಯವನು ನಮ್ಮ ಗಿರಾಕಿ ಒಬ್ಬರ ಅಣ್ಣನ ಮಗ, ಇಪ್ಪತ್ತರ ಆಸುಪಾಸು, ಮಾತು ಕಮ್ಮಿ. ನೆಲದ ಮೇಲೆ ಪೇಪರ್ ಹಾಸ್ಕೊಂಡು, ಬಿಚ್ಚಿದ ಒಂದೊಂದು ಸಾಮಾನನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಕೊಂಡು ಹೋದ, ಬುಷ್ಷಿನ ಪಕ್ಕ ಅದರದೇ ಬೋಲ್ಟು. ಯಾರು ಹೇಳಿಕೊಟ್ರೋ ಅಂದೆ. "ಜೋಡ್ಸೋವಾಗ ಹಿಂದಿಂದ ಬರಬೇಕಲ್ಲಣ್ಣ" ಅಂದ. ಆಮೇಲೆ ಥ್ರಸ್ಟ್ ಬೇರಿಂಗಿನ ಕಾರ್ಬನ್ ಬಿರುಕು ಬಿಟ್ಟಿದೆ ನೋಡಿ, ಇದನ್ನೂ ಬದಲಾಯಿಸಬೇಕಾ ಅಂತ ಅವನೇ ತೋರಿಸ್ದ. ಸಂಜೆ ಕೂಲಿ ಕೊಡುವಾಗ ನಾಳೆಯಿಂದ ಬಾ ಅಂದೆ.

ಬಂದ ಮೇಲೆ ಆಧಾರ್ ಕಾರ್ಡು ಕೈಯಲ್ಲೇ ನೋಡಿ ವಯಸ್ಸು ಖಾತ್ರಿ ಮಾಡ್ಕೊಂಡು ಜೆರಾಕ್ಸ್ ಇಟ್ಕೊಂಡೆ. ನಮ್ಮಂಥ ಮೂರು ಜನದ ಅಂಗಡಿಗೆ ಇಎಸ್‌ಐ ಅನ್ವಯ ಆಗಲ್ಲ, ಹತ್ತು ಜನ ಇರಬೇಕು. ಹಾಗಂತ ಸುಮ್ನೆ ಬಿಡೋಕಾಗಲ್ಲ, ಅವನ ಬ್ಯಾಂಕ್ ಖಾತೇಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ವಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದ್ರೆ 2 ಲಕ್ಷ ಮನೆಯವರಿಗೆ. ದೊಡ್ಡ ಭದ್ರತೆ ಅಲ್ಲ, ಇಲ್ಲದೇ ಇರೋದಕ್ಕಿಂತ ವಾಸಿ ಅಷ್ಟೇ, ಚಿಕ್ಕ ಗಾಯದ ಆಸ್ಪತ್ರೆ ಖರ್ಚು ಅದರಲ್ಲಿ ಬರಲ್ಲ, ಅದು ಅಂಗಡೀದೇ.

ಕೆಲಸ ಇನ್ನೊಂದು ಬಾಕಿ ಇತ್ತು. ಅದೇ ಬ್ರಾಡ್‌ಕಾಸ್ಟ್ ಲಿಸ್ಟಿಗೆ, ಅದೇ ಗ್ರೂಪುಗಳಿಗೆ "ಹೆಲ್ಪರ್ ಸಿಕ್ಕಿದ್ದಾರೆ, ಜಾಗ ಖಾಲಿ ಇಲ್ಲ, ಹಳೇ ಮೆಸೇಜ್ ಮುಂದಕ್ಕೆ ಕಳಿಸಬೇಡಿ, ಸಹಾಯ ಮಾಡಿದವರಿಗೆ ಧನ್ಯವಾದ" ಅಂತ ಹಾಕಿದೆ. ಇದನ್ನ ಹಾಕೋರು ಕಮ್ಮಿ, ಹಾಕಿದ್ರೂ ಮೊದಲಿನದ್ದು ಹೋದಷ್ಟು ದೂರ ಇದು ಹೋಗಲ್ಲ, ಜಾಗ ಇಲ್ಲ ಅನ್ನೋದನ್ನ ಯಾರು ಫಾರ್ವರ್ಡ್ ಮಾಡ್ತಾರೆ. ಕೆಳಗೆ ತಾರೀಕು ಇದ್ದದ್ದಕ್ಕೆ ಮಾರ್ಚ್ ಹತ್ತು ಆದ್ಮೇಲೆ ಫೋನ್ ಬರೋದು ಗಣನೀಯವಾಗಿ ಕಮ್ಮಿ ಆಯ್ತು, ಪೂರ್ತಿ ನಿಂತಿಲ್ಲ, ಇವತ್ತಿಗೂ ಆಗೊಂದು ಈಗೊಂದು ಬರುತ್ತೆ. ಅಂಥವರಿಗೆ ನಮ್ಮ ಹಳೇ ಹುಡುಗನ ಹೊಸ ಅಂಗಡಿ ನಂಬರ್ ಕೊಡ್ತಿದೀನಿ, ಅವನಿಗೂ ಈಗ ಆ ತುದೀಲಿ ಕೂರೋಕೆ ಆಳು ಬೇಕಂತೆ.

ಜಾಗ ತುಂಬಿದೆ ಅನ್ನೋ ಮೆಸೇಜಿಗೆ ಮೊದಲು ಉತ್ತರ ಬಂದದ್ದು ಗಿರಾಕಿ ಒಬ್ಬರಿಂದ: "ಸಂತೋಷ. ಹಾಗಾದ್ರೆ ನಮ್ಮ 7.5 ಎಚ್‌ಪಿ ಮೋಟಾರ್ ನಾಳೆ ಕೊಡ್ತೀರಾ?"